ಹನ್ನೆರಡು ರೆಸಿಸ್ಟರ್‌ಗಳ ಘನ: ಸಮೀಕರಣ ಬರೆಯದೆ 5R/6 ಹೇಗೆ ಸಿಗುತ್ತದೆ?

ಒಂದು ಘನಕ್ಕೆ ಎಂಟು ಮೂಲೆ, ಹನ್ನೆರಡು ಅಂಚು. ಪ್ರತಿ ಅಂಚಿನಲ್ಲೂ ಒಂದೊಂದು ರೆಸಿಸ್ಟರ್ ಇಟ್ಟು, ಮೂಲೆಗಳಲ್ಲಿ ಬೆಸುಗೆ ಹಾಕಿದ್ದೇವೆ ಅಂದುಕೊಳ್ಳಿ. ಎಲ್ಲ ರೆಸಿಸ್ಟರ್‌ಗಳ ರೋಧವೂ ಒಂದೇ, R. ಈಗ ಒಂದು ಮೂಲೆಗೂ, ಘನದ ಒಳಗಿನಿಂದ ನೋಡಿದರೆ ಅದಕ್ಕೆ ನೇರ ಎದುರಿರುವ ಮೂಲೆಗೂ ಮೀಟರ್ ಹಿಡಿದರೆ ಎಷ್ಟು ತೋರಿಸುತ್ತದೆ?

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಉತ್ತರ ಬಾಯಿಪಾಠ ಇರಬಹುದು: 5R/6. ಆದರೆ ಉತ್ತರಕ್ಕಿಂತ ಅದು ಬರುವ ದಾರಿ ಮುಖ್ಯ. ಆ ದಾರಿಯ ನಡುವೆ ಒಂದು ಹೆಜ್ಜೆ ಇದೆ. "ಈ ಮೂರು ಮೂಲೆಗಳು ಒಂದೇ ಥರ ಇವೆ, ಹಾಗಾಗಿ ಅವನ್ನು ಸೇರಿಸಿಬಿಡೋಣ" ಎನ್ನುವ ಹೆಜ್ಜೆ. ಅದು ಯಾಕೆ ಸರಿ ಎಂದು ಕೇಳಿದರೆ ತುಂಬಾ ಜನ ತಡವರಿಸುತ್ತಾರೆ. ಅದು ತಿಳಿಯದಿದ್ದರೆ ಬ್ಯಾಟರಿಯನ್ನು ಬೇರೆ ಮೂಲೆಗೆ ಬದಲಿಸಿದ ಕೂಡಲೇ ಲೆಕ್ಕ ಕೈ ಕೊಡುತ್ತದೆ.

ಮೊದಲು ಮೂಲೆಗಳಿಗೆ ಹೆಸರಿಡೋಣ. ಕರೆಂಟ್ ಒಳಗೆ ಬರುವ ಮೂಲೆ ಅ. ಹೊರಗೆ ಹೋಗುವ ಎದುರು ಮೂಲೆ ಹ. ಅ ಮೂಲೆಯಿಂದ ಮೂರು ಅಂಚು ಹೊರಡುತ್ತವೆ, ಅವುಗಳ ಆಚೆ ತುದಿಗಳು ಕ, ಖ, ಗ. ಹಾಗೆಯೇ ಹ ಮೂಲೆಗೆ ಬಂದು ಸೇರುವ ಮೂರು ಅಂಚುಗಳ ಈಚೆ ತುದಿಗಳು ಪ, ಫ, ಬ. ಉಳಿದ ಆರು ಅಂಚುಗಳು ಈ ಎರಡು ಗುಂಪುಗಳ ನಡುವೆ ಇವೆ. ಕ ಮೂಲೆಯಿಂದ ಪ ಮತ್ತು ಫ ಕಡೆಗೆ, ಖ ಮೂಲೆಯಿಂದ ಪ ಮತ್ತು ಬ ಕಡೆಗೆ, ಗ ಮೂಲೆಯಿಂದ ಫ ಮತ್ತು ಬ ಕಡೆಗೆ. ಒಂದು ಚೂರು ಕಾಗದದಲ್ಲಿ ಇದನ್ನು ಬರೆದಿಟ್ಟುಕೊಂಡರೆ ಮುಂದೆ ಓದುವುದು ಸುಲಭ.

ಇಲ್ಲಿ ಸರಣಿ, ಸಮಾಂತರ ನಿಯಮಗಳು ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಎರಡು ರೆಸಿಸ್ಟರ್ ಸರಣಿಯಲ್ಲಿ ಇರಬೇಕಾದರೆ ಅವು ಸೇರುವ ಜಾಗದಲ್ಲಿ ಮೂರನೆಯದು ಇರಬಾರದು. ಇಲ್ಲಿ ಪ್ರತಿ ಮೂಲೆಯಲ್ಲೂ ಮೂರು ಇವೆ. ಸಮಾಂತರದಲ್ಲಿ ಇರಬೇಕಾದರೆ ಎರಡರ ಎರಡೂ ತುದಿಗಳು ಒಂದೇ ಜಾಗದಲ್ಲಿ ಸೇರಬೇಕು. ಇಲ್ಲಿ ಅಂಥ ಜೋಡಿ ಒಂದೂ ಇಲ್ಲ. ಕಿರ್ಖಾಫ್ 1845ರಲ್ಲಿ ಕೊಟ್ಟ ಎರಡು ನಿಯಮಗಳನ್ನು ಹಿಡಿದು ಹೊರಟರೆ ಖಂಡಿತ ಉತ್ತರ ಸಿಗುತ್ತದೆ. ಆದರೆ ಹನ್ನೆರಡು ಅಂಚಿಗೆ ಹನ್ನೆರಡು ಗೊತ್ತಿಲ್ಲದ ಕರೆಂಟ್‌ಗಳು. ಮೂಲೆಗಳಿಂದ ಏಳು ಸಮೀಕರಣ, ಸುತ್ತುಗಳಿಂದ ಐದು. ಒಂದು ಮಧ್ಯಾಹ್ನ ಅದಕ್ಕೇ ಹೋಗುತ್ತದೆ. ಘನದ ಆಕಾರ ಈ ಶ್ರಮವನ್ನು ಪೂರ್ತಿ ಉಳಿಸುತ್ತದೆ.

ಅ ಮತ್ತು ಹ ಮೂಲೆಗಳನ್ನು ಎರಡು ಬೆರಳುಗಳ ನಡುವೆ ಹಿಡಿದು ಘನವನ್ನು ತಿರುಗಿಸಿ. ಸರಿಯಾಗಿ 120 ಡಿಗ್ರಿ ತಿರುಗಿಸಿದರೆ ಘನ ಮೊದಲಿನ ಹಾಗೆಯೇ ಕಾಣುತ್ತದೆ. ಕ ಇದ್ದ ಜಾಗಕ್ಕೆ ಗ ಬಂದಿರುತ್ತದೆ, ಖ ಇದ್ದ ಜಾಗಕ್ಕೆ ಕ, ಗ ಇದ್ದ ಜಾಗಕ್ಕೆ ಖ. ಪ, ಫ, ಬ ಕೂಡ ತಮ್ಮತಮ್ಮಲ್ಲೇ ಜಾಗ ಬದಲಾಯಿಸಿಕೊಂಡಿರುತ್ತವೆ. ಅ ಮತ್ತು ಹ ಮಾತ್ರ ಇದ್ದಲ್ಲೇ ಇವೆ, ಬ್ಯಾಟರಿಯ ತಂತಿಗಳೂ ಇದ್ದಲ್ಲೇ ಇವೆ. ಎಲ್ಲ ರೆಸಿಸ್ಟರ್‌ಗಳೂ ಒಂದೇ ಆಗಿರುವುದರಿಂದ, ತಿರುಗಿಸುವ ಮೊದಲಿದ್ದ ಸರ್ಕ್ಯೂಟ್‌ಗೂ ತಿರುಗಿಸಿದ ಮೇಲಿನ ಸರ್ಕ್ಯೂಟ್‌ಗೂ ಯಾವ ವ್ಯತ್ಯಾಸವೂ ಇಲ್ಲ.

ಈಗ ಕ ಮೂಲೆಯ ವೋಲ್ಟೇಜ್ ಖ ಮೂಲೆಯದ್ದಕ್ಕಿಂತ ಜಾಸ್ತಿ ಇದೆ ಎಂದು ಯಾರೋ ವಾದಿಸಿದರು ಅನ್ನಿ. ಘನವನ್ನು ತಿರುಗಿಸುತ್ತೇವೆ. ಹೆಚ್ಚು ವೋಲ್ಟೇಜ್ ಇದ್ದ ಮೂಲೆ ಈಗ ಖ ಇದ್ದ ಜಾಗಕ್ಕೆ ಬಂತು. ಆದರೆ ಸರ್ಕ್ಯೂಟ್ ಮೊದಲಿನದ್ದೇ ಅಲ್ವಾ? ಅಂದರೆ ಒಂದೇ ಸರ್ಕ್ಯೂಟ್‌ಗೆ, ಒಂದೇ ಬ್ಯಾಟರಿಗೆ, ಒಂದೇ ಜಾಗದಲ್ಲಿ ಎರಡು ಬೇರೆ ಬೇರೆ ವೋಲ್ಟೇಜ್ ಬಂದ ಹಾಗಾಯಿತು. ಅದು ಸಾಧ್ಯವಿಲ್ಲ. ಬರೀ ರೆಸಿಸ್ಟರ್‌ಗಳ ಸರ್ಕ್ಯೂಟ್‌ಗೆ ಬ್ಯಾಟರಿ ಕೊಟ್ಟರೆ ಪ್ರತಿ ಮೂಲೆಯ ವೋಲ್ಟೇಜ್‌ಗೂ ಒಂದೇ ಒಂದು ಬೆಲೆ ಇರುತ್ತದೆ. ಎರಡು ಬೆಲೆ ಇದ್ದವು ಅಂದುಕೊಂಡು ಒಂದರಿಂದ ಒಂದನ್ನು ಕಳೆದು ನೋಡಿ. ಬ್ಯಾಟರಿಯ ಪಾಲು ಕಳೆದುಹೋಗುತ್ತದೆ. ಉಳಿಯುವುದು ಬ್ಯಾಟರಿಯೇ ಇಲ್ಲದೆ ಕರೆಂಟ್ ಹರಿಯುವ ಸರ್ಕ್ಯೂಟ್. ಹಾಗೆ ಆಗುವುದಿಲ್ಲ. ಆದ್ದರಿಂದ ಕ, ಖ, ಗ ಮೂರಕ್ಕೂ ಒಂದೇ ವೋಲ್ಟೇಜ್. ಅದೇ ಕಾರಣಕ್ಕೆ ಪ, ಫ, ಬ ಮೂರಕ್ಕೂ ಒಂದೇ ವೋಲ್ಟೇಜ್.

ಸಮಮಿತಿಯ ವಾದ ಅಂದರೆ ಇಷ್ಟೇ. ಕಣ್ಣಿಗೆ ಒಂದೇ ಥರ ಕಾಣುತ್ತದೆ ಎಂಬ ಅಂದಾಜು ಇಲ್ಲಿ ಸಾಲದು. ಬ್ಯಾಟರಿಯನ್ನು ಅಲುಗಾಡಿಸದೆ ಒಂದು ಮೂಲೆಯನ್ನು ಇನ್ನೊಂದರ ಜಾಗಕ್ಕೆ ತರುವ ಒಂದು ತಿರುಗಿಸುವಿಕೆಯನ್ನೋ ಕನ್ನಡಿ ಪ್ರತಿಬಿಂಬವನ್ನೋ ನೀವು ತೋರಿಸಬೇಕು. ತೋರಿಸಿದರೆ ವೋಲ್ಟೇಜ್ ಸಮ ಎಂದು ಧೈರ್ಯವಾಗಿ ಹೇಳಬಹುದು.

ಒಂದೇ ಮಟ್ಟದಲ್ಲಿ ನೀರಿರುವ ಎರಡು ತೊಟ್ಟಿಗಳ ನಡುವೆ ಪೈಪ್ ಹಾಕಿದರೆ ನೀರು ಯಾವ ಕಡೆಗೂ ಹರಿಯುವುದಿಲ್ಲ. ವೋಲ್ಟೇಜ್ ಸಮ ಇರುವ ಎರಡು ಮೂಲೆಗಳ ನಡುವೆ ತಂತಿ ಹಾಕಿದರೂ ಹಾಗೆಯೇ. ತಂತಿಯಲ್ಲಿ ಕರೆಂಟ್ ಇಲ್ಲ, ಹಾಗಾಗಿ ಉಳಿದ ಎಲ್ಲೂ ಏನೂ ಬದಲಾಗುವುದಿಲ್ಲ. ಕ, ಖ, ಗ ಮೂರನ್ನೂ ತಂತಿಯಿಂದ ಸೇರಿಸಿ ಒಂದೇ ಬಿಂದು ಮಾಡಿ. ಪ, ಫ, ಬ ಮೂರನ್ನೂ ಸೇರಿಸಿ ಇನ್ನೊಂದು ಬಿಂದು ಮಾಡಿ. ಈಗ ಘನದ ಮುಖ ಚಹರೆಯೇ ಬದಲಾಗುತ್ತದೆ. ಅ ಮತ್ತು ಮೊದಲ ಬಿಂದುವಿನ ನಡುವೆ ಮೂರು ರೆಸಿಸ್ಟರ್ ಸಮಾಂತರ: R/3. ಎರಡು ಬಿಂದುಗಳ ನಡುವೆ ಆರು ಸಮಾಂತರ: R/6. ಎರಡನೇ ಬಿಂದು ಮತ್ತು ಹ ನಡುವೆ ಮತ್ತೆ ಮೂರು: R/3. ಈ ಮೂರು ಗುಂಪುಗಳು ಸರಣಿಯಲ್ಲಿವೆ.

```
R/3 + R/6 + R/3 = 5R/6
```

ಇದನ್ನು ಕರೆಂಟ್ ಕಡೆಯಿಂದಲೂ ಒಮ್ಮೆ ನೋಡಬಹುದು. ಅ ಮೂಲೆಗೆ I ಬಂದರೆ ಮೂರು ಅಂಚಿಗೆ ಸಮವಾಗಿ I/3 ಹಂಚಿಹೋಗುತ್ತದೆ. ಕ ಮೂಲೆಯಲ್ಲಿ ಅದು ಎರಡಾಗಿ ಒಡೆಯುತ್ತದೆ, ತಲಾ I/6. ಪ ಮೂಲೆಯಲ್ಲಿ ಎರಡು I/6 ಸೇರಿ ಮತ್ತೆ I/3 ಆಗುತ್ತದೆ. ಅ, ಕ, ಪ, ಹ ದಾರಿಯಲ್ಲಿ ನಡೆದರೆ ವೋಲ್ಟೇಜ್ ಇಳಿತ IR/3, IR/6, IR/3. ಒಟ್ಟು 5IR/6. ಅದೇ ಉತ್ತರ.

ಇಲ್ಲಿ ಒಂದು ತಪ್ಪು ತುಂಬಾ ಸಾಮಾನ್ಯ. ಕೆಲವರು ನಡುವಿನ ಆರು ಮೂಲೆಗಳನ್ನೂ ಒಂದೇ ಎಂದು ಸೇರಿಸಿಬಿಡುತ್ತಾರೆ. ಅ ಮತ್ತು ಹ ಬಿಟ್ಟರೆ ಉಳಿದ ಆರೂ ಒಂದೇ ಥರ ಕಾಣುತ್ತವೆ, ನಿಜ. ಆದರೆ ಕ ಮೂಲೆಯನ್ನು ಪ ಜಾಗಕ್ಕೆ ತರಬೇಕಾದರೆ ಅ ಮತ್ತು ಹ ಅದಲುಬದಲಾಗಲೇಬೇಕು. ಯಾಕೆಂದರೆ ಕ ಇರುವುದು ಅ ಪಕ್ಕದಲ್ಲಿ, ಪ ಇರುವುದು ಹ ಪಕ್ಕದಲ್ಲಿ. ಬ್ಯಾಟರಿಯ ತುದಿಗಳು ಬದಲಾದವು ಅಂದರೆ ಸರ್ಕ್ಯೂಟ್ ಮೊದಲಿನದ್ದಲ್ಲ. ಹೀಗೆ ಸೇರಿಸಿದರೆ ನಡುವಿನ R/6 ಮಾಯವಾಗಿ 2R/3 ಬರುತ್ತದೆ.

ಆ ತಪ್ಪು ಉತ್ತರವೂ ಪೂರ್ತಿ ವ್ಯರ್ಥವಲ್ಲ. ಸರ್ಕ್ಯೂಟ್‌ನ ಯಾವುದೇ ಎರಡು ಜಾಗಗಳನ್ನು ತಂತಿಯಿಂದ ಸೇರಿಸಿದರೆ ಒಟ್ಟು ರೋಧ ಕಡಿಮೆಯಾಗಬಹುದು ಅಥವಾ ಹಾಗೆಯೇ ಉಳಿಯಬಹುದು, ಎಂದೂ ಏರುವುದಿಲ್ಲ. ಯಾವುದೇ ಅಂಚನ್ನು ಕತ್ತರಿಸಿದರೆ ಒಟ್ಟು ರೋಧ ಏರಬಹುದು ಅಥವಾ ಹಾಗೆಯೇ ಉಳಿಯಬಹುದು, ಎಂದೂ ಇಳಿಯುವುದಿಲ್ಲ. ಹಾಗಾಗಿ ನಿಜವಾದ ಉತ್ತರ 2R/3 ಗಿಂತ ಕಡಿಮೆ ಇರಲು ಸಾಧ್ಯವೇ ಇಲ್ಲ. ಇನ್ನೊಂದು ಕಡೆಯಿಂದ, ನಡುವಿನ ಆರು ಅಂಚುಗಳಲ್ಲಿ ಒಂದು ಬಿಟ್ಟು ಒಂದರಂತೆ ಮೂರನ್ನು ಕತ್ತರಿಸಿ. ಅ ಮತ್ತು ಹ ನಡುವೆ ಬಿಡಿಬಿಡಿಯಾದ ಮೂರು ದಾರಿಗಳು ಉಳಿಯುತ್ತವೆ, ಪ್ರತಿಯೊಂದರಲ್ಲೂ ಮೂರು ರೆಸಿಸ್ಟರ್. 3R ಬೆಲೆಯ ಮೂರು ದಾರಿ ಸಮಾಂತರದಲ್ಲಿದ್ದರೆ R. ಆದ್ದರಿಂದ ಉತ್ತರ R ಗಿಂತ ಜಾಸ್ತಿಯೂ ಇರಲಾರದು. 2R/3 ಮತ್ತು R ನಡುವೆ ಸರಿಯಾಗಿ ಮಧ್ಯದಲ್ಲಿ 5R/6 ಕೂತಿದೆ. ಮಧ್ಯದಲ್ಲೇ ಕೂತಿರುವುದು ಆಕಸ್ಮಿಕ. ಆದರೆ ಹೀಗೆ ಮೇಲೆ ಕೆಳಗೆ ಗಡಿ ಹಾಕಿಕೊಳ್ಳುವ ಅಭ್ಯಾಸ ಯಾವ ಸರ್ಕ್ಯೂಟ್‌ನಲ್ಲೂ ತಪ್ಪನ್ನು ಬೇಗ ಹಿಡಿದುಕೊಡುತ್ತದೆ.

ಈ ಘನವನ್ನು ನಿಜವಾಗಿ ಕಟ್ಟಿ ನೋಡುವುದು ಒಳ್ಳೆಯದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ 1000 ಓಮ್‌ನ ಹನ್ನೆರಡು ರೆಸಿಸ್ಟರ್ ಕೇಳಿ. ಮಾಮೂಲಿ ಸಿಗುವುದರ ಮೇಲೆ ಕಂದು, ಕಪ್ಪು, ಕೆಂಪು, ಬಂಗಾರದ ಬಣ್ಣದ ಪಟ್ಟಿ ಇರುತ್ತವೆ. ಕೊನೆಯ ಬಂಗಾರದ ಪಟ್ಟಿ ಅಂದರೆ ರೋಧ 5 ಶೇಕಡಾ ಆಚೀಚೆ ಇರಬಹುದು. ಕಟ್ಟಿ ಮುಗಿಸಿ ಎದುರು ಮೂಲೆಗಳಿಗೆ ಮಲ್ಟಿಮೀಟರ್ ಹಿಡಿದರೆ 833 ಓಮ್ ಹತ್ತಿರ ತೋರಿಸಬೇಕು. ಹನ್ನೆರಡೂ 5 ಶೇಕಡಾ ಕಡಿಮೆ ಇದ್ದರೆ 792, ಹನ್ನೆರಡೂ 5 ಶೇಕಡಾ ಜಾಸ್ತಿ ಇದ್ದರೆ 875. ಇದರ ಆಚೆ ಹೋಗುವಂತಿಲ್ಲ. ನಿಜದಲ್ಲಿ ಕೆಲವು ಜಾಸ್ತಿ, ಕೆಲವು ಕಡಿಮೆ ಇದ್ದು ಒಂದನ್ನೊಂದು ಸರಿದೂಗಿಸುವುದರಿಂದ 833ಕ್ಕೆ ಸಾಕಷ್ಟು ಹತ್ತಿರವೇ ಬರುತ್ತದೆ.

ಈಗ ಮೀಟರ್ ತೆಗೆದು 6 ವೋಲ್ಟ್ ಬ್ಯಾಟರಿ ಹಾಕಿ. ಧನ ತುದಿ ಅ ಮೂಲೆಗೆ, ಋಣ ತುದಿ ಹ ಮೂಲೆಗೆ. ಕರೆಂಟ್ 7.2 ಮಿಲಿಆಂಪಿಯರ್. ಮೂರು ಇಳಿತಗಳು 2.4, 1.2, 2.4 ವೋಲ್ಟ್. ಮೀಟರ್‌ನ ಕಪ್ಪು ತಂತಿಯನ್ನು ಹ ಮೂಲೆಯಲ್ಲಿಟ್ಟು ಅಳೆದರೆ ಕ, ಖ, ಗ ಮೂರರಲ್ಲೂ 3.6 ವೋಲ್ಟ್, ಪ, ಫ, ಬ ಮೂರರಲ್ಲೂ 2.4 ವೋಲ್ಟ್. ಕ ಮತ್ತು ಖ ನಡುವೆ ನೇರವಾಗಿ ಮೀಟರ್ ಹಿಡಿದರೆ ಸೊನ್ನೆ, ಅಥವಾ ರೆಸಿಸ್ಟರ್‌ಗಳ ಸಣ್ಣ ವ್ಯತ್ಯಾಸದಿಂದ ಸೊನ್ನೆಯ ಹತ್ತಿರದ ಬೆಲೆ. ಮೇಲೆ ಮಾಡಿದ ವಾದವೆಲ್ಲ ಈ ಒಂದು ಅಳತೆಯಲ್ಲಿ ಕಣ್ಣಿಗೆ ಬೀಳುತ್ತದೆ.

ಬೆಸುಗೆ ಒಂದು ಕಡೆ ಸರಿಯಾಗಿ ಕೂತಿಲ್ಲ ಅನ್ನಿ. ಆಗ ಆ ಅಂಚು ಇದ್ದೂ ಇಲ್ಲದ ಹಾಗೆ. ಅ ಮತ್ತು ಕ ನಡುವಿನ ಅಂಚು ಹೀಗಾಗಿದ್ದರೆ ಏನಾಗುತ್ತದೆ? 120 ಡಿಗ್ರಿಯ ಸಮಮಿತಿ ಹೋಯಿತು. ಆದರೆ ಎಲ್ಲವೂ ಹೋಗಿಲ್ಲ. ಖ ಮತ್ತು ಗ ಇನ್ನೂ ಒಂದು ಕನ್ನಡಿಯ ಎರಡು ಬದಿಯಲ್ಲಿವೆ. ಆ ಕನ್ನಡಿ ಪ ಮತ್ತು ಫ ಮೂಲೆಗಳನ್ನೂ ಅದಲುಬದಲು ಮಾಡುತ್ತದೆ. ಅ, ಹ, ಕ, ಬ ಕನ್ನಡಿಯ ಮೇಲೆಯೇ ಇರುವುದರಿಂದ ಅಲುಗುವುದಿಲ್ಲ. ಹಾಗಾಗಿ ಖ, ಗ ಸೇರಿಸಬಹುದು. ಪ, ಫ ಸೇರಿಸಬಹುದು. ಕ ಮೂಲೆಗೆ ಉಳಿದಿರುವ ಎರಡು ಅಂಚುಗಳು ಸಮ ವೋಲ್ಟೇಜಿನ ಪ ಮತ್ತು ಫ ಕಡೆಗೆ ಹೋಗುತ್ತವೆ. ಅವುಗಳಲ್ಲಿ ಕರೆಂಟ್ ಇಲ್ಲ, ಲೆಕ್ಕದಿಂದ ಬಿಟ್ಟುಬಿಡಿ.

ಉಳಿದದ್ದು ಸರಳ. ಅ ಮೂಲೆಯಿಂದ ಖ-ಗ ಬಿಂದುವಿಗೆ ಎರಡು ರೆಸಿಸ್ಟರ್ ಸಮಾಂತರ, R/2. ಅಲ್ಲಿಂದ ಹ ಮೂಲೆಗೆ ಎರಡು ದಾರಿ. ಪ-ಫ ಮೂಲಕ ಹೋದರೆ R/2 ಮತ್ತು R/2, ಒಟ್ಟು R. ಬ ಮೂಲಕ ಹೋದರೆ R/2 ಮತ್ತು R, ಒಟ್ಟು 3R/2. R ಮತ್ತು 3R/2 ಸಮಾಂತರವಾದರೆ 0.6R. ಮೊದಲಿನ R/2 ಸೇರಿಸಿದರೆ 1.1R. ಅಂದರೆ ಮೀಟರ್ 833ರ ಬದಲು 1100 ಓಮ್ ತೋರಿಸುತ್ತದೆ. ಬ್ಯಾಟರಿ ಹಾಕಿ ನೋಡಿದರೆ ಖ, ಗ ಮೂಲೆಗಳಲ್ಲಿ ಸುಮಾರು 3.27 ವೋಲ್ಟ್ ಇದ್ದು, ಕ ಮೂಲೆಯಲ್ಲಿ ಮಾತ್ರ 1.64 ಇರುತ್ತದೆ. ಕೈ ಕೊಟ್ಟ ಬೆಸುಗೆ ಎಲ್ಲಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ನಡುವಿನ ಅಂಚು, ಉದಾಹರಣೆಗೆ ಕ ಮತ್ತು ಪ ನಡುವಿನದ್ದು, ಹೋಗಿದ್ದರೆ ಕನ್ನಡಿಯೂ ಉಳಿಯುವುದಿಲ್ಲ. ಆದರೂ ಒಂದು ಆಸರೆ ಇದೆ. ಬ್ಯಾಟರಿಯ ತುದಿಗಳನ್ನು ಅದಲುಬದಲು ಮಾಡಿ, ಜೊತೆಗೆ ಘನದಲ್ಲಿ ಕ ಮತ್ತು ಪ, ಖ ಮತ್ತು ಫ, ಗ ಮತ್ತು ಬ ಮೂಲೆಗಳನ್ನೂ ಅದಲುಬದಲು ಮಾಡಿದರೆ ಮತ್ತೆ ಅದೇ ಸರ್ಕ್ಯೂಟ್ ಬರುತ್ತದೆ. ಹಾಗಾಗಿ ಈ ಪ್ರತಿ ಜೋಡಿಯ ಎರಡು ವೋಲ್ಟೇಜ್ ಕೂಡಿದರೆ ಬ್ಯಾಟರಿಯ 6 ವೋಲ್ಟ್ ಬರಲೇಬೇಕು. ಗೊತ್ತಿಲ್ಲದ ಆರು ವೋಲ್ಟೇಜ್ ಮೂರಕ್ಕೆ ಇಳಿಯಿತು. ಮೂರು ಸಮೀಕರಣ ಬಿಡಿಸಿದರೆ ಕ, ಖ, ಗ ಮೂಲೆಗಳಲ್ಲಿ 4.33, 3.33, 3.67 ವೋಲ್ಟ್, ಒಟ್ಟು ರೋಧ ಸರಿಯಾಗಿ 0.9R, ಅಂದರೆ 900 ಓಮ್. ಸಮಮಿತಿ ಪೂರ್ತಿ ಇಲ್ಲದಿದ್ದಾಗ ಲೆಕ್ಕ ಮಾಯವಾಗುವುದಿಲ್ಲ, ಕಡಿಮೆಯಾಗುತ್ತದೆ. ಒಂದು ಎಚ್ಚರಿಕೆ: 5 ಶೇಕಡಾ ರೆಸಿಸ್ಟರ್‌ಗಳಲ್ಲಿ ಎಲ್ಲವುಗಳ ರೋಧವೂ 5 ಶೇಕಡಾ ಕಡಿಮೆ ಇದ್ದರೆ ಈ 900 ಎಂಬುದು 855ಕ್ಕೆ ಇಳಿಯಬಹುದು. ಆಗ ಅದು ಸರಿಯಾದ ಘನದ 875ರೊಳಗೇ ಬಂದುಬಿಡುತ್ತದೆ, ಬರೀ ಒಂದು ಅಳತೆ ನೋಡಿ ತೀರ್ಮಾನ ಮಾಡಲಾಗದು. 1 ಶೇಕಡಾ ರೆಸಿಸ್ಟರ್ ಬಳಸಿದರೆ ಈ ಗೊಂದಲ ಇಲ್ಲ.

ಬ್ಯಾಟರಿಯನ್ನು ಬೇರೆ ಮೂಲೆಗಳಿಗೆ ಬದಲಿಸಿದರೆ ಸಮಮಿತಿಯೂ ಬದಲಾಗುತ್ತದೆ. ಒಂದೇ ಮುಖದ ಎದುರು ಮೂಲೆಗಳಾದ ಅ ಮತ್ತು ಪ ನಡುವೆ ಅಳೆಯೋಣ. ಈಗ ಕ, ಖ, ಗ ಮೂರೂ ಸಮ ಅಲ್ಲ. ಗ ಮೂಲೆ ಪ ಮೂಲೆಯಿಂದ ತುಂಬಾ ದೂರ, ಕ ಮತ್ತು ಖ ಅದರ ಪಕ್ಕದಲ್ಲೇ ಇವೆ. ಆದರೆ ಅ ಮತ್ತು ಪ ಅದಲುಬದಲು ಮಾಡುವ ಒಂದು ಕನ್ನಡಿ ಇದೆ. ಕ, ಖ, ಫ, ಬ ನಾಲ್ಕೂ ಆ ಕನ್ನಡಿಯ ಮೇಲೆಯೇ ಕೂತಿವೆ, ಆದ್ದರಿಂದ ನಾಲ್ಕಕ್ಕೂ ಬ್ಯಾಟರಿಯ ಅರ್ಧ ವೋಲ್ಟೇಜ್. ಕ-ಫ ಮತ್ತು ಖ-ಬ ಅಂಚುಗಳಲ್ಲಿ ಕರೆಂಟ್ ಇಲ್ಲ, ಅವನ್ನು ತೆಗೆದುಹಾಕಿ. ಒಂದು ಮುಖದಲ್ಲಿ R, ಎದುರು ಮುಖದ ಮೂಲಕ ಸುತ್ತಿ ಬಂದರೆ 3R. ಎರಡೂ ಸಮಾಂತರದಲ್ಲಿ 3R/4.

ಅಕ್ಕಪಕ್ಕದ ಮೂಲೆಗಳಾದ ಅ ಮತ್ತು ಕ ನಡುವೆ ಅಳೆಯುವುದು ನನಗೆ ತುಂಬಾ ಇಷ್ಟವಾದ ಲೆಕ್ಕ. ಅ ಮೂಲೆಗೆ I ಕರೆಂಟ್ ಕೊಟ್ಟು, ಉಳಿದ ಏಳೂ ಮೂಲೆಗಳಿಂದ ತಲಾ I/7 ಹೊರತೆಗೆಯಿರಿ. ಅ ಸುತ್ತ ಮೂರು ಅಂಚುಗಳೂ ಈಗ ಪೂರ್ತಿ ಸಮ, ಹಾಗಾಗಿ ಅ-ಕ ಅಂಚಿನಲ್ಲಿ I/3. ಇನ್ನೊಂದು ಸಲ ಕ ಮೂಲೆಯಿಂದ I ಹೊರತೆಗೆದು, ಉಳಿದ ಏಳಕ್ಕೆ ತಲಾ I/7 ಕೊಡಿ. ಅ-ಕ ಅಂಚಿನಲ್ಲಿ ಮತ್ತೆ I/3, ಅದೇ ದಿಕ್ಕಿಗೆ. ಎರಡನ್ನೂ ಒಂದರ ಮೇಲೊಂದು ಇಟ್ಟರೆ ನಡುವಿನ ಆರು ಮೂಲೆಗಳಲ್ಲಿ ಕೊಟ್ಟದ್ದೂ ತೆಗೆದದ್ದೂ ಸಮವಾಗಿ ಕಳೆದುಹೋಗುತ್ತವೆ. ಉಳಿಯುವುದು ಅ ಮೂಲೆಯಲ್ಲಿ ಒಳಗೆ 8I/7, ಕ ಮೂಲೆಯಲ್ಲಿ ಹೊರಗೆ 8I/7, ಅಂಚಿನಲ್ಲಿ 2I/3. ಭಾಗಿಸಿದರೆ ರೋಧ 7R/12, ನಮ್ಮ ಘನದಲ್ಲಿ 583 ಓಮ್.

ಕೈ ಕೊಟ್ಟ ಅಂಚನ್ನು ಹುಡುಕಲು ಈ ಅಳತೆಯೇ ಎಲ್ಲಕ್ಕಿಂತ ಒಳ್ಳೆಯದು. ಅಂಚಿನ ಸ್ವಂತ R ಮತ್ತು ಉಳಿದ ಘನದ ರೋಧ ಸಮಾಂತರದಲ್ಲಿ ಸೇರಿ 7R/12 ಆಗಿದೆ. ಹಾಗಾದರೆ ಉಳಿದ ಘನದ್ದು ಮಾತ್ರ 7R/5. ಬ್ಯಾಟರಿ ಬಿಚ್ಚಿಟ್ಟು ಒಂದೊಂದೇ ಅಂಚಿನ ಎರಡು ತುದಿಗೆ ಮೀಟರ್ ಹಿಡಿಯುತ್ತಾ ಹೋಗಿ. ಎಲ್ಲವೂ ಸರಿ ಇದ್ದರೆ ಹನ್ನೆರಡರಲ್ಲೂ 583ರ ಆಸುಪಾಸು. ಒಂದು ಅಂಚು ತೆರೆದುಕೊಂಡಿದ್ದರೆ ಅಕ್ಕಪಕ್ಕದವು ಸುಮಾರು 690ರವರೆಗೆ ಏರುತ್ತವೆ, ಅದೊಂದರಲ್ಲಿ ಮಾತ್ರ ಮೀಟರ್ 1400 ಓಮ್‌ಗೆ ಹೋಗುತ್ತದೆ. ಬೆಸುಗೆ ಮತ್ತೆ ಹಾಕಬೇಕಾದ ಜಾಗ ಅದೇ.